ಎಂಟರಿಂದ ಐದಕ್ಕೆ ಒಂದು ಬಾಣ

ಪ್ರೇಮಲೀಲಾ ಆ ಇಂಜಿನಿಯರಿಂಗ್ ಕಾಲೇಜಿಗೆ ಮೇಡಂ ಆಗಿ ಬಂದಾಗ ಅವಳಿಗೆ ಇಪ್ಪತ್ತೇಳು. ಈಗ ಐವತ್ತೊಂದು. ತಿ. ನರಸೀಪುರದ ಕಡೆಯ ಹಳ್ಳಿಯಿಂದ ಪಿಯುಸಿಗೆಂದು ಮೈಸೂರಿಗೆ ಬಂದು ಹಾಸ್ಟೆಲ್ ಸೇರಿದವಳು ಓದು ಮುಗಿದ ಮೇಲೂ ಇಲ್ಲೇ ಉಳಿದಳು. ಮದುವೆಯ ಮಾತು ನಾಲ್ಕೈದು ಸಲ ಬಂದುಹೋಯಿತು. ಒಂದು ಕಡೆ ಜಾತಕ ಕೂಡಲಿಲ್ಲ, ಇನ್ನೊಂದು ಕಡೆಯವರಿಗೆ ಕೆಲಸ ಬಿಡುವ ಹುಡುಗಿ ಬೇಕಿತ್ತು. ಆಮೇಲೆ ಕೇಳುವವರೇ ಕಡಿಮೆಯಾದರು. ಅಗ್ರಹಾರದ ಹಳೆಯ ಮನೆಯೊಂದರ ಮಹಡಿಯಲ್ಲಿ ಎರಡು ಕೋಣೆ ಹಿಡಿದು ಹದಿನೆಂಟು ವರ್ಷವಾಗಿದೆ. ಕೆಳಗಿನ ಬೀದಿಯ ಹೂವಿನವಳಿಂದ ಹಿಡಿದು ಗಿರಣಿಯವನವರೆಗೆ ಎಲ್ಲರಿಗೂ ಅವಳು 'ಕಾಲೇಜು ಮೇಡಮ್ಮೋರು'. ಹೆಸರು ಹಿಡಿದು ಕರೆಯುವವರು ಆ ಬೀದಿಯಲ್ಲಿ ಯಾರೂ ಇಲ್ಲ.

ಕಾಲೇಜಿನಲ್ಲಿ ಒಬ್ಬಳಿದ್ದಳು, ಕಮಲ. ಕಮಲ ಅವಳಿಗಿಂತ ಒಂಬತ್ತು ವರ್ಷ ದೊಡ್ಡವಳು. ಸ್ಟಾಫ್ ರೂಮಿನಲ್ಲಿ ಇಬ್ಬರ ಮೇಜೂ ಅಂಟಿಕೊಂಡಿದ್ದವು, ಊಟದ ಡಬ್ಬಿಗಳೂ ಒಟ್ಟಿಗೇ ತೆರೆದುಕೊಳ್ಳುತ್ತಿದ್ದವು. ಟೆಸ್ಟಿನ ಪ್ರಶ್ನೆಪತ್ರಿಕೆ ಯಾರೇ ತೆಗೆಯಲಿ, ಉತ್ತರದ ಹಾಳೆಯನ್ನು ಮತ್ತೊಬ್ಬಳು ಮೊದಲಿಂದ ಮಾಡಿ ನೋಡಿದ ಮೇಲೇ ಅದು ಆಚೆ ಹೋಗುತ್ತಿದ್ದುದು. "ಲೇ ಪ್ರೇಮ, ಇಲ್ಲೊಂದು ಕಡೆ ಎಡವಿದೀಯ ನೋಡು" ಎಂದು ಕಮಲ ಕೆಂಪು ಪೆನ್ನಿನಿಂದ ಒಂದು ಸುತ್ತು ಹಾಕಿ ತಳ್ಳುತ್ತಿದ್ದಳು. ಹೀಗೆ ಒಂದೆರಡಲ್ಲ, ಹದಿನೇಳು ವರ್ಷ. ಪ್ರೇಮಲೀಲಾ ಮೇಡಂ ಪೇಪರಿನಲ್ಲಿ ತಪ್ಪೇ ಇರುವುದಿಲ್ಲ ಎಂದು ಹುಡುಗರು ಹೇಳುತ್ತಿದ್ದರು. ಆ ಮಾತಿನಲ್ಲಿ ಕಮಲಳ ಪಾಲೆಷ್ಟು ಎನ್ನುವುದು ಹುಡುಗರಿಗೆ ತಿಳಿದಿರಲಿಲ್ಲ. ಪ್ರೇಮಲೀಲಾಗೂ ಕ್ರಮೇಣ ಮರೆತಿತ್ತು.

ಜನವರಿಯಲ್ಲಿ ಕಮಲ ನಿವೃತ್ತಳಾಗಿ ಶಿವಮೊಗ್ಗದಲ್ಲಿದ್ದ ಮಗಳ ಮನೆಗೆ ಹೋದಳು. ಮೊದಮೊದಲು ದಿನಕ್ಕೊಂದು ಫೋನ್ ಬರುತ್ತಿತ್ತು, ಆಮೇಲೆ ವಾರಕ್ಕೊಂದು. ಈಚೆಗೆ ಬೆಳಗ್ಗೆ ಬೆಳಗ್ಗೆ ಗುಲಾಬಿ ಹೂವಿನ ಮೇಲೆ 'ಶುಭೋದಯ' ಎಂದು ಬರೆದ ಚಿತ್ರ ಬರುತ್ತಿತ್ತು, ಅಷ್ಟೇ. ಕಮಲಳ ಮೇಜಿಗೆ ಕುಮಾರ್ ಎಂಬ ಹೊಸ ಮೇಷ್ಟ್ರು ಬಂದ. ಒಳ್ಳೆಯ ಹುಡುಗ. ಆದರೆ ಬಂದವನೇ ಮೇಜನ್ನು ಕಿಟಕಿಯ ಕಡೆಗೆ ಎಳೆದುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದ. ಪ್ರೇಮಲೀಲಾ ಡಬ್ಬಿ ತೆರೆದಾಗ "ಊಟ ಆಯ್ತಾ ಮೇಡಂ?" ಎನ್ನುವನು. ಅವಳು "ಹೂಂ" ಎನ್ನುವಳು. ಅಲ್ಲಿಗೆ ಆ ದಿನದ ಮಾತು ಮುಗಿಯಿತು.

ಏಪ್ರಿಲ್ ತಿಂಗಳ ಎರಡನೇ ವಾರ. ಕಂಪ್ಯೂಟರಿಗೆ ಲೆಕ್ಕ ಬಿಡಿಸುವ ಕ್ರಮ ಕಲಿಸುವ ಅಲ್ಗಾರಿದಮ್ ವಿಷಯದ ಎರಡನೇ ಟೆಸ್ಟನ್ನು ಇಬ್ಬರು ಹುಡುಗಿಯರು ಬರೆದಿರಲಿಲ್ಲ. ನಯನಾ ಮತ್ತು ಪ್ರೀತಿ ಇಬ್ಬರೂ ಕಾಲೇಜಿನ ಖೋಖೋ ತಂಡದವರು, ಆ ದಿನ ಆಡಲು ಮಂಡ್ಯಕ್ಕೆ ಹೋಗಿದ್ದರು. ಅವರಿಗೆಂದು ಬೇರೆ ಟೆಸ್ಟ್ ಇಡಬೇಕಾಯಿತು. ಪ್ರೇಮಲೀಲಾ ಬೆಳಗ್ಗೆ ಏಳು ಗಂಟೆಗೆ ಅಡಿಗೆಮನೆಯ ಕಟ್ಟೆಯ ಮೇಲೇ ಹಾಳೆ ಇಟ್ಟುಕೊಂಡು ಪ್ರಶ್ನೆ ತೆಗೆದಳು.

ಪ್ರಶ್ನೆ ಹೊಸದೇನಲ್ಲ. ಎಂಟು ಸುತ್ತುಗಳು, ಒಂದರಿಂದ ಎಂಟರವರೆಗೆ ಅಂಕಿ, ಅವುಗಳ ನಡುವೆ ಬಾಣಗಳು. ಬಾಣ ತೋರಿಸಿದ ಕಡೆಗೆ ಮಾತ್ರ ಹೋಗಬಹುದು. ಯಾವ ಸುತ್ತಿನಿಂದ ಹೊರಟರೂ ಗುಂಪಿನ ಉಳಿದ ಎಲ್ಲ ಸುತ್ತುಗಳಿಗೂ ಹೋಗಿ ಮತ್ತೆ ವಾಪಸ್ ಬರಲು ಸಾಧ್ಯವಿರಬೇಕು. ಅಂಥ ಗುಂಪುಗಳಾಗಿ ಎಂಟನ್ನೂ ಬಿಡಿಸಬೇಕು. ಹೋಗಲು ದಾರಿಯಿದ್ದು ಬರಲು ಇಲ್ಲದಿದ್ದರೆ ಗುಂಪಾಗುವುದಿಲ್ಲ. ಯಾರೊಂದಿಗೂ ಹೀಗೆ ಹೋಗಿಬರುವ ಸಂಬಂಧವಿಲ್ಲದ ಸುತ್ತು ತಾನೇ ಒಂದು ಗುಂಪು.

ಅವಳು ಒಂದು, ಎರಡು, ಮೂರನ್ನು ಒಂದು ಚಕ್ರವಾಗಿ ಬರೆದಳು. ಎರಡರಿಂದ ನಾಲ್ಕಕ್ಕೆ ಒಂದು ಬಾಣ. ನಾಲ್ಕು, ಐದು, ಆರು ಇನ್ನೊಂದು ಚಕ್ರ. ಆರರಿಂದ ಏಳಕ್ಕೆ, ಏಳರಿಂದ ಎಂಟಕ್ಕೆ ಬಾಲದ ಹಾಗೆ ಎರಡು ಬಾಣ. ಪಕ್ಕದ ಹಾಳೆಯಲ್ಲಿ ಉತ್ತರ ಮಾಡಿದಳು. ನಾಲ್ಕು ಗುಂಪು ಬಂದವು: ಒಂದು-ಎರಡು-ಮೂರು, ನಾಲ್ಕು-ಐದು-ಆರು, ಏಳು ಒಂಟಿ, ಎಂಟು ಒಂಟಿ. ನೋಡಿದ ತಕ್ಷಣ ಹೇಳಿಬಿಡಬಹುದಾದಷ್ಟು ಸುಲಭವಾಯಿತೆನಿಸಿತು. ಹುಡುಗಿಯರು ತಲೆ ಓಡಿಸಲಿ ಎಂದುಕೊಂಡು ಚಿತ್ರದಲ್ಲಿ ಎಂಟರಿಂದ ಐದಕ್ಕೆ ಇನ್ನೊಂದು ಬಾಣ ಎಳೆದಳು. ಉತ್ತರವನ್ನು ತಿದ್ದಬೇಕು ಎಂದು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಹಾಲು ಉಕ್ಕಿತು. ಒಲೆ ಒರೆಸಿ, ಸ್ನಾನ ಮಾಡಿ, ಬಸ್ಸಿಗೆ ಓಡಿದಳು. ಹಾಳೆಗಳೆರಡೂ ಬ್ಯಾಗಿನೊಳಗೆ ಹೋದವು.

ಟೆಸ್ಟ್ ಮೂರನೇ ಮಹಡಿಯ ಖಾಲಿ ಕ್ಲಾಸಿನಲ್ಲಿ. ಇಬ್ಬರನ್ನೂ ಒಂದು ಬೆಂಚು ಬಿಟ್ಟು ಕೂರಿಸಿದಳು. ಅರ್ಧ ಗಂಟೆಯಾಗಿತ್ತು, ಫೋನ್ ಅಲುಗಿತು. ಕಮಲ. ಮೂರು ವಾರದ ಮೇಲೆ ಮಾಡಿದ್ದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಪ್ರೇಮಲೀಲಾ ಟೆಸ್ಟ್ ನಡೆಯುವಾಗ ಫೋನ್ ಎತ್ತಿದವಳಲ್ಲ. ಆ ದಿನ ಎತ್ತಿದಳು. ಕಾರಿಡಾರಿಗೆ ಹೋಗಿ ಏಳು ನಿಮಿಷ ಮಾತಾಡಿದಳು. ಮಾತೆಲ್ಲ ಕಮಲಳದೇ: ಮೊಮ್ಮಗನಿಗೆ ಹಲ್ಲು ಬಂದದ್ದು, ಶಿವಮೊಗ್ಗದ ಸೆಕೆ. ಪ್ರೇಮಲೀಲಾ ಗೋಡೆಗೆ ಒರಗಿ ಕೇಳುತ್ತಿದ್ದಳು. ಹಿಂದಿರುಗಿದಾಗ ಹುಡುಗಿಯರಿಬ್ಬರೂ ತಲೆ ತಗ್ಗಿಸಿ ಬರೆಯುತ್ತಿದ್ದರು.

ಮಧ್ಯಾಹ್ನ ಹುಡುಗಿಯರು ಉತ್ತರ ಬರೆದ ಬ್ಲೂ ಬುಕ್‌ಗಳನ್ನು ತೆರೆದಳು. ಮೊದಲು ನಯನಾಳದು. ಅಚ್ಚುಕಟ್ಟಾದ ಅಕ್ಷರ. ಎರಡೇ ಗುಂಪು ಬರೆದಿದ್ದಳು: ಒಂದು-ಎರಡು-ಮೂರು ಒಂದು ಗುಂಪು, ನಾಲ್ಕರಿಂದ ಎಂಟರವರೆಗೆ ಐದೂ ಸೇರಿ ಇನ್ನೊಂದು. ಉತ್ತರದ ಹಾಳೆಯಲ್ಲಿ ನಾಲ್ಕು ಗುಂಪು. ಪ್ರೇಮಲೀಲಾ ಕೆಂಪು ಗೆರೆ ಎಳೆದಳು. ಪ್ರೀತಿಯ ಪುಸ್ತಕ ತೆರೆದಳು. ಅಲ್ಲೂ ಎರಡೇ ಗುಂಪು, ಅವೇ ಗುಂಪು.

ಅವಳು ಪೆನ್ನು ಕೆಳಗಿಟ್ಟಳು. ಸರಿ ಉತ್ತರ ಇಬ್ಬರದೂ ಒಂದೇ ಇರುವುದು ಸಹಜ. ತಪ್ಪು ಉತ್ತರ ಹಾಗಲ್ಲ. ಒಬ್ಬಳು ಒಂದು ಕಡೆ ಎಡವಿದರೆ ಇನ್ನೊಬ್ಬಳು ಮತ್ತೊಂದು ಕಡೆ ಎಡವುತ್ತಾಳೆ. ಇಬ್ಬರೂ ಒಂದೇ ತಪ್ಪು ಬರೆದರೆ ಅದಕ್ಕೆ ಅರ್ಥ ಒಂದೇ. ಎಷ್ಟೋ ವರ್ಷದಿಂದ ಇದೇ ಲೆಕ್ಕದಲ್ಲಿ ಅವಳು ಕಾಪಿ ಹಿಡಿದಿದ್ದಳು, ಒಮ್ಮೆಯೂ ಸುಳ್ಳಾಗಿರಲಿಲ್ಲ. ಈ ಸಲ ಕೋಪ ಮಾತ್ರ ಹೆಚ್ಚಿಗೆ ಬಂತು. ಏಳು ನಿಮಿಷ ತಾನು ಆಚೆ ಹೋದದ್ದಕ್ಕೆ ತನ್ನ ಮೇಲೆ ಬಂದ ಕೋಪವೂ ಅದರಲ್ಲಿ ಸೇರಿತ್ತು.

ಕಿಟಕಿಯ ಬಳಿ ಕುಮಾರ್ ಕೂತಿದ್ದ. ಹೋಗಿ 'ಇದನ್ನೊಂದು ಸಲ ನೋಡ್ತೀರಾ' ಎನ್ನಬಹುದಿತ್ತು. ಅದು ಅವಳ ತಲೆಗೇ ಹೊಳೆಯಲಿಲ್ಲ.

ಮರುದಿನ ಇಬ್ಬರನ್ನೂ ಸ್ಟಾಫ್ ರೂಮಿಗೆ ಕರೆಸಿದಳು. ಪ್ರೀತಿ ಒಳಗೆ ಬರುವಾಗಲೇ ಬೆವರಿದ್ದಳು.

"ಯಾರು ಯಾರದ್ದು ನೋಡಿ ಬರೆದ್ರಿ?" ಎಂದಳು ಪ್ರೇಮಲೀಲಾ.

"ಇಲ್ಲ ಮೇಡಂ, ನೋಡ್ಕೊಂಡಿಲ್ಲ," ಎಂದಳು ನಯನಾ.

"ಇಬ್ಬರದ್ದೂ ಒಂದೇ ತಪ್ಪು ಹೇಗೆ ಬಂತು ಹಾಗಾದ್ರೆ?"

"ಮೇಡಂ, ತಪ್ಪು ಎಲ್ಲಿ ಅಂತ... ನಾನು ಇಲ್ಲೇ ಇನ್ನೊಂದ್ಸಲ ಮಾಡಿ ತೋರಿಸ್ಲಾ?"

"ತೋರಿಸೋದು ಏನೂ ಬೇಡ. ಇಪ್ಪತ್ತನಾಲ್ಕು ವರ್ಷದಿಂದ ಇದನ್ನ ಪಾಠ ಮಾಡ್ತಿದೀನಿ ನಾನು. ತಪ್ಪೊಪ್ಪಿಗೆ ಬರೆದುಕೊಡಿ, ಈ ಟೆಸ್ಟಿಗೆ ಮಾತ್ರ ಸೊನ್ನೆ ಬೀಳುತ್ತೆ, ಅಷ್ಟಕ್ಕೇ ಮುಗೀತು. ಬರೀದೇ ಇದ್ರೆ ಎಚ್‌ಒಡಿ ಹತ್ರ ಹೋಗುತ್ತೆ, ಮನೆಯವರನ್ನ ಕರೆಸ್ತಾರೆ."

ಮನೆಯವರು ಎಂದದ್ದೇ ಪ್ರೀತಿಯ ಕಣ್ಣು ತುಂಬಿತು. ನಿಂತಲ್ಲೇ ಮೇಜಿನ ಮೂಲೆಯ ಮೇಲೆ ಕಾಗದ ಇಟ್ಟು ಬರೆದಳು: 'ನಾನು ನಯನಾಳ ಉತ್ತರ ನೋಡಿ ಬರೆದಿದ್ದೇನೆ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ.' ಬರೆಯುವಾಗ ಒಮ್ಮೆ ಗೆಳತಿಯ ಮುಖ ನೋಡಿದಳು. ನಯನಾ ಅವಳನ್ನು ತಡೆಯಲೂ ಇಲ್ಲ, ಬಯ್ಯಲೂ ಇಲ್ಲ.

"ನೀನು?" ಎಂದಳು ಪ್ರೇಮಲೀಲಾ.

"ನಾನು ಬರೆಯಲ್ಲ ಮೇಡಂ. ನಾನು ಮಾಡಿಲ್ಲ."

ಆ ಮಾತು ಪ್ರೇಮಲೀಲಾಗೆ ಉದ್ಧಟತನದಂತೆ ಕೇಳಿಸಿತು. ಪ್ರೀತಿಯ ಕಾಗದವನ್ನು ಲಗತ್ತಿಸಿ ಸಂಜೆಯೊಳಗೆ ವಿಭಾಗದ ಮುಖ್ಯಸ್ಥ ಶಿವರಾಮು ಅವರಿಗೆ ವರದಿ ಕೊಟ್ಟಳು.

ನಯನಾಳ ತಂದೆ ಬಂದದ್ದು ಶನಿವಾರ ಬೆಳಗ್ಗೆ. ಮಹದೇವಯ್ಯ ಎಂದು ಹೆಸರು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ, ಮನೆ ರಾಜೀವನಗರದಲ್ಲಿ. ಅರ್ಧ ದಿನದ ರಜೆ ಹಾಕಿ ಬಂದಿದ್ದರು. ಇಲ್ಲಿಂದ ನೇರವಾಗಿ ಕೆಲಸಕ್ಕೆ ಹೋಗಬೇಕೆಂದು ಯೂನಿಫಾರ್ಮಿನ ನೀಲಿ ಅಂಗಿಯಲ್ಲೇ ಇದ್ದರು. ಶಿವರಾಮು ತಮ್ಮ ಕೋಣೆಯಲ್ಲಿ ಕುರ್ಚಿ ತೋರಿಸಿದರೂ ಕೂರದೆ ಮಗಳ ಪಕ್ಕದಲ್ಲೇ ನಿಂತರು.

ಶಿವರಾಮು, "ನೋಡಿ, ಇನ್ನೊಂದು ಹುಡುಗಿ ಒಪ್ಪಿಕೊಂಡಿದಾಳೆ. ನಿಮ್ಮ ಮಗಳೂ ಒಂದು ಲೆಟರ್ ಬರೆದುಕೊಟ್ರೆ ಇಲ್ಲಿಗೇ ಮುಗಿಸಿಬಿಡೋಣ," ಎಂದರು.

ಮಹದೇವಯ್ಯ ಪ್ರೇಮಲೀಲಾಳ ಕಡೆಗೆ ತಿರುಗಿದರು. "ಮೇಡಮ್ಮೋರೆ, ನನ್ ಮಗ್ಳು ಕದ್ದಿದ್ರೆ ನಾನೇ ನಿಂತು ಬರೆಸ್ತೀನಿ. ನಾನು ಓದಿರೋದು ಏಳ್ನೇ ಕ್ಲಾಸು. ಇವ್ಳು ಮಾಡಿರೋದ್ರಲ್ಲಿ ತಪ್ಪು ಏನದೆ ಅಂತ ಒಂದ್ಸಲ ನಂಗೆ ತಿಳಿಯೋ ಅಂಗೆ ತೋರ್ಸಿಬುಡಿ. ಅಷ್ಟೇ ಕೇಳ್ತಿರೋದು."

ಅಷ್ಟರಲ್ಲಿ ಪ್ರಿನ್ಸಿಪಾಲರು ಕರೆಯುತ್ತಿದ್ದಾರೆಂದು ಅಟೆಂಡರ್ ಬಂದು ಹೇಳಿದ. "ಮೇಡಂ ವಿವರಿಸ್ತಾರೆ" ಎಂದು ಶಿವರಾಮು ಎದ್ದು ಹೋದರು. ಕೋಣೆಯಲ್ಲಿ ಮೂವರು ಉಳಿದರು.

ಪ್ರೇಮಲೀಲಾ ಪ್ರಶ್ನೆಪತ್ರಿಕೆಯನ್ನೂ ತನ್ನ ಉತ್ತರದ ಹಾಳೆಯನ್ನೂ ಮೇಜಿನ ಮೇಲೆ ಹರಡಿದಳು. ಕಲಿಸುವುದೆಂದರೆ ಈಗಲೂ ಅವಳಿಗೆ ಇಷ್ಟ. ಎದುರಿಗಿರುವವರು ನಿಜವಾಗಿ ತಿಳಿಯಬೇಕೆಂದು ಕೇಳಿದರಂತೂ ಅವಳ ದನಿ ತಾನಾಗಿ ಮೆತ್ತಗಾಗುತ್ತಿತ್ತು.

"ಇವನ್ನ ಊರಿನ ಎಂಟು ಸರ್ಕಲ್ ಅಂದ್ಕೊಳ್ಳಿ. ಬಾಣಗಳು ಒನ್‌ವೇ ರಸ್ತೆ. ಯಾವ್ಯಾವ ಸರ್ಕಲ್‌ನೋರು ಒಬ್ಬರ ಹತ್ರ ಒಬ್ಬರು ಹೋಗಿ, ತಿರುಗಿ ಬರೋಕಾಗುತ್ತೆ ಅಂತ ಕಂಡುಹಿಡೀಬೇಕು. ಮೊದಲು ಒಂದರಿಂದ ಹೊರಡೋಣ. ಒಂದರಿಂದ ಎರಡು, ಎರಡರಿಂದ ಮೂರು. ಮೂರರಿಂದ ಒಂದಕ್ಕೆ ಮಾತ್ರ ದಾರಿ ಇದೆ, ಅದನ್ನ ಆಗಲೇ ನೋಡಿಯಾಗಿದೆ. ಮುಂದೆ ಹೋಗೋಕೆ ಜಾಗ ಇಲ್ಲ. ಹಾಗಾಗಿ ಮೊದಲು ಮುಗಿದಿದ್ದು ಮೂರು. ಅದನ್ನ ಬರೆದಿಟ್ಕೊತೀವಿ. ವಾಪಸ್ ಎರಡಕ್ಕೆ ಬಂದ್ವಿ. ಅಲ್ಲಿಂದ ನಾಲ್ಕು, ಐದು, ಆರು, ಏಳು, ಎಂಟು. ಎಂಟರಲ್ಲಿ ನಿಂತ್ವಿ."

"ಎಂಟು ಮುಗೀತು," ಎಂದರು ಮಹದೇವಯ್ಯ.

"ಹೌದು. ಆಮೇಲೆ ಬಂದ ದಾರೀಲೇ ಹಿಂದಕ್ಕೆ ಏಳು, ಆರು, ಐದು, ನಾಲ್ಕು, ಎರಡು, ಕೊನೆಗೆ ಒಂದು. ಈಗ ಎಲ್ಲ ಬಾಣಗಳನ್ನೂ ತಿರುವು ಮುರುವು ಮಾಡ್ತೀವಿ."

"ಯಾಕೆ ತಿರುಗಿಸ್ಬೇಕು?"

"ಇಲ್ಲೀವರೆಗೆ ನೋಡಿದ್ದು ಹೋಗೋ ದಾರಿ. ಬರೋ ದಾರೀನೂ ಇರಬೇಕಲ್ಲ? ಬಾಣ ತಿರುಗಿಸಿ ಹೊರಟ್ರೆ, ಆ ಜಾಗಕ್ಕೆ ಯಾರ್‍ಯಾರು ಬರಬಹುದು ಅನ್ನೋದು ಗೊತ್ತಾಗುತ್ತೆ. ಕೊನೆಗೆ ಮುಗಿದವರು ಯಾರೋ ಅವರಿಂದ ಶುರು ಮಾಡ್ಬೇಕು. ಒಂದು ಸಲಕ್ಕೆ ಎಷ್ಟು ಜನ ಸಿಕ್ತಾರೋ ಅಷ್ಟೂ ಒಂದು ಗುಂಪು."

ಮಹದೇವಯ್ಯ ತಲೆಯಾಡಿಸಿದರು. ಹೊಸಬರಿಗೆ ಕಲಿಸುವಾಗ ಪ್ರೇಮಲೀಲಾ ಇಲ್ಲೊಂದು ಮಾತು ತಪ್ಪದೆ ಹೇಳುತ್ತಿದ್ದಳು. ಅದು ಅಭ್ಯಾಸಬಲದಿಂದ ಬಾಯಿಗೆ ಬಂತು. "ತಿರುಗಿಸೋವಾಗ ಒಂದು ಬಾಣಾನೂ ಬಿಟ್ಟುಹೋಗಬಾರದು. ಅದಕ್ಕೇ ಎರಡೂ ಕಡೆ ಎಣಿಸಿ ನೋಡ್ಬೇಕು. ಚಿತ್ರದಲ್ಲಿ ಎಣಿಸಿ ನೋಡೋಣ."

ಅವರು ದಪ್ಪ ಬೆರಳನ್ನು ಕಾಗದಕ್ಕೆ ತಾಗದಂತೆ ಮೇಲೆಯೇ ಆಡಿಸುತ್ತ ಎಣಿಸಿದರು. "ಹತ್ತು."

ಪ್ರೇಮಲೀಲಾ ತನ್ನ ಹಾಳೆಯಲ್ಲಿ ತಿರುಗಿಸಿ ಬರೆದಿದ್ದ ಬಾಣಗಳನ್ನು ಎಣಿಸಿದಳು. ಒಂಬತ್ತು. "ಇನ್ನೊಂದ್ಸಲ ಎಣಿಸಿ," ಎಂದಳು.

"ಹತ್ತೇ ಕಣ್ರವ್ವ."

ಅವಳು ಚಿತ್ರವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಎಂಟರಿಂದ ಐದಕ್ಕೆ ಹೋಗುವ ಬಾಣ ಅಲ್ಲಿ ನಿಚ್ಚಳವಾಗಿತ್ತು. ತಾನೇ ಎಳೆದದ್ದು. ಅಡಿಗೆಮನೆಯ ಕಟ್ಟೆ ಕಣ್ಣಮುಂದೆ ಬಂತು. ಉತ್ತರದ ಹಾಳೆ ಆ ಬಾಣ ಎಳೆಯುವ ಮುಂಚಿನದು.

ಪೆನ್ನು ತೆಗೆದುಕೊಂಡು ತಿರುಗಿಸಿದ ಪಟ್ಟಿಯ ಕೊನೆಗೆ 'ಐದರಿಂದ ಎಂಟಕ್ಕೆ' ಎಂದು ಸೇರಿಸಿದಳು. ಮತ್ತೆ ಹೊರಟಳು. ಒಂದರಿಂದ ಮೂರು, ಮೂರರಿಂದ ಎರಡು. ಆ ಗುಂಪು ಮೊದಲಿನ ಹಾಗೇ ಇತ್ತು. ಆಮೇಲೆ ನಾಲ್ಕು. ನಾಲ್ಕರಿಂದ ಆರು, ಆರರಿಂದ ಐದು. ಮೊದಲು ಅಲ್ಲಿಗೆ ನಿಂತಿತ್ತು. ಈಗ ಐದರಿಂದ ಎಂಟಕ್ಕೆ ದಾರಿಯಿತ್ತು, ಎಂಟರಿಂದ ಏಳಕ್ಕೆ. ಐದೂ ಒಂದೇ ಗುಂಪಿಗೆ ಬಂದವು. ಬಾಣ ತಿರುಗಿಸದೆ ನೇರವಾಗಿ ನೋಡಿದರೂ ಅಷ್ಟೇ: ಐದರಿಂದ ಆರು, ಏಳು, ಎಂಟು, ಮತ್ತೆ ಐದು. ಸುತ್ತಿ ಬರುವ ದಾರಿ. ಏಳೂ ಎಂಟೂ ಒಂಟಿಯಾಗಿರಲಿಲ್ಲ. ಹುಡುಗಿಯರು ಬರೆದದ್ದು ಸರಿಯಿತ್ತು. ಇಬ್ಬರದೂ ಒಂದೇ ಆಗಿದ್ದುದು ಸರಿ ಇದ್ದದ್ದರಿಂದ.

ಮಹದೇವಯ್ಯ ಅವಳ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಏನೂ ಅರ್ಥವಾಗಿರಲಿಲ್ಲ. ಅರ್ಥವಾಗಿದ್ದುದು ನಯನಾಗೆ. ಅವಳು ಮೇಜಿನ ಕಡೆ ನೋಡುವುದನ್ನು ಬಿಟ್ಟು ಕಿಟಕಿಯಾಚೆ ನೋಡುತ್ತಿದ್ದಳು.

ಪ್ರೇಮಲೀಲಾ ಪೆನ್ನು ಮುಚ್ಚಿಟ್ಟಳು. ಹಾಳೆ ಮಡಿಚಿ, "ಇರಲಿ, ಈ ಸಲಕ್ಕೆ ಬಿಟ್ಟಿದೀನಿ, ಹೋಗಿ" ಎಂದುಬಿಟ್ಟರೂ ಆಗುತ್ತಿತ್ತು. ಆ ಮನುಷ್ಯ ಕೈ ಮುಗಿದು ಹೋಗುತ್ತಿದ್ದರು. ಕೈ ಮುಗಿಯುತ್ತಾರೆ ಎಂದು ನೆನೆದಾಗಲೇ ಅವಳಿಗೆ ತಡೆಯಲಾಗಲಿಲ್ಲ.

"ತಪ್ಪು ನಂದು," ಎಂದಳು.

"ಏನಂದ್ರಿ?"

"ನಿಮ್ಮ ಮಗಳು ಬರೆದಿದ್ದು ಸರಿ ಇದೆ. ಪ್ರೀತಿ ಬರೆದಿದ್ದೂ ಸರಿ ಇದೆ. ಯಾರೂ ಕಾಪಿ ಮಾಡಿಲ್ಲ. ನಾನು ಒಂದು ಬಾಣ ಬಿಟ್ಟು ಉತ್ತರ ಬರೆದುಕೊಂಡಿದ್ದೆ."

ಮಹದೇವಯ್ಯ ಆಗ ಕುರ್ಚಿ ಎಳೆದು ಕೂತರು. "ಮೂರು ದಿನದಿಂದ ಇವ್ಳು ಸರಿಯಾಗಿ ಉಂಡಿಲ್ಲ," ಎಂದರು. ದನಿ ಏರಿಸಲಿಲ್ಲ. "ಅವ್ರವ್ವ ಒಂದ್ ಮಾತು ಕೇಳ್ಬುಟ್ಲು, ನಿಜವಾಗ್ಲೂ ಮಾಡಿದ್ದೀಯೇನೇ ಅಂತ. ಅದಕ್ಕೇ ಹೆಚ್ಗೆ ಅತ್ತಿದ್ದು ಇವ್ಳು."

ಪ್ರೇಮಲೀಲಾ ಹುಡುಗಿಯ ಕಡೆ ತಿರುಗಿದಳು. "ನಯನಾ," ಎಂದಳು.

"ಪ್ರೀತಿಗೆ ಹೇಳಿ ಮೇಡಂ," ಎಂದಳು ಹುಡುಗಿ. "ಅವಳು ಬರೆದುಕೊಟ್ಟಿದಾಳಲ್ಲ, ಅವಳಿಗೆ ಹೇಳಿ."

ಶಿವರಾಮು ಹಿಂದಿರುಗಿ ವಿಷಯ ಕೇಳಿ, ತಂದೆ ಮಗಳನ್ನು ನಯವಾಗಿ ಕಳಿಸಿಕೊಟ್ಟು ಬಾಗಿಲು ಹಾಕಿಕೊಂಡರು. "ಮೇಡಂ, ನೀವು ಸೀನಿಯರ್. ಇಷ್ಟಕ್ಕೆ ಯಾಕೆ ತಪ್ಪು ನಿಮ್ಮದು ಅಂತ ಬರೆಯೋಕೆ ಹೋಗ್ತೀರಿ? ಇಬ್ಬರಿಗೂ ಮಾರ್ಕ್ಸ್ ಹಾಕಿ, ವರದಿ ವಾಪಸ್ ತಗೊಳ್ಳಿ. ಮರುಪರಿಶೀಲನೆ ಆಯ್ತು ಅಂತ ಒಂದು ಸಾಲು ಬರೆದ್ರೆ ಸಾಕು."

"ಮರುಪರಿಶೀಲನೆ ಅಂದ್ರೆ ಅವರ ಮೇಲೆ ಅನುಮಾನ ಹಾಗೇ ಉಳಿಯುತ್ತೆ ಸಾರ್. ಉತ್ತರದ ಹಾಳೆ ತಪ್ಪಾಗಿತ್ತು ಅಂತಾನೇ ಬರೀತೀನಿ."

"ನಿಮ್ಮ ಫೈಲಿಗೆ ಹೋಗುತ್ತೆ ಅದು."

"ಹೋಗ್ಲಿ."

ಬರೆಯುವಾಗ ಮೂರು ಸಲ ಹರಿದುಹಾಕಿದಳು. ಮೊದಲ ಸಲ ಹಾಲು ಉಕ್ಕಿದ್ದು ಬಂತು, ಎರಡನೆಯ ಸಲ ಫೋನ್ ಬಂದದ್ದು ಬಂತು. ಎರಡೂ ಅನವಶ್ಯಕವೆನಿಸಿತು. ನಾಲ್ಕನೆಯ ಸಲ ನಾಲ್ಕೇ ಸಾಲಿಗೆ ಮುಗಿಯಿತು.

ಸೋಮವಾರ ಮೊದಲನೇ ಪೀರಿಯಡ್‌ನಲ್ಲಿ ಅರವತ್ತು ಮಂದಿಯ ಮುಂದೆ ಬೋರ್ಡಿನ ಮೇಲೆ ಎಂಟು ಸುತ್ತು ಬರೆದಳು, ಹತ್ತು ಬಾಣ ಎಳೆದಳು. ತಾನು ಮಾಡಿದ್ದ ಉತ್ತರವನ್ನು ಎಡಕ್ಕೂ ಹುಡುಗಿಯರ ಉತ್ತರವನ್ನು ಬಲಕ್ಕೂ ಬರೆದು, ಎಲ್ಲಿ ಬಾಣ ಬಿಟ್ಟುಹೋಗಿತ್ತೆಂದು ತೋರಿಸಿದಳು. "ಇದನ್ನ ಎಣಿಸದೇ ಇದ್ದಿದ್ದು ನಾನು. ನಯನಾ, ಪ್ರೀತಿ ಇಬ್ಬರ ಮೇಲೂ ಸುಳ್ಳು ಆರೋಪ ಮಾಡಿದೆ. ಅದು ತಪ್ಪಾಯ್ತು." ಯಾರೋ ಒಬ್ಬ ಪೆನ್ನು ಬೀಳಿಸಿದ. ಆಮೇಲೆ ಅವಳು ಬೋರ್ಡ್ ಒರೆಸಿ ಆ ದಿನದ ಪಾಠ ಶುರುಮಾಡಿದಳು. ತನ್ನ ದನಿ ತನಗೇ ದೂರದಿಂದ ಕೇಳಿಸಿದಂತಾಗುತ್ತಿತ್ತು.

ಕ್ಲಾಸು ಮುಗಿದ ಮೇಲೆ ಪ್ರೀತಿಯನ್ನು ಕಾರಿಡಾರಿನಲ್ಲಿ ನಿಲ್ಲಿಸಿ, ಅವಳು ಬರೆದುಕೊಟ್ಟಿದ್ದ ಕಾಗದವನ್ನು ಹಿಂದಕ್ಕೆ ಕೊಟ್ಟಳು. "ನೀನು ಮಾಡಿರಲಿಲ್ಲ. ಮತ್ತೆ ಯಾಕಮ್ಮ ಹೀಗೆ ಬರೆದೆ?"

"ನೀವು ಹೇಳಿದ್ರಲ್ಲ ಮೇಡಂ," ಎಂದಳು ಪ್ರೀತಿ. ಹೇಳಿದ್ದರಲ್ಲಿ ದೂರಿನ ಎಳೆಯೂ ಇರಲಿಲ್ಲ. "ನೀವು ಹೇಳಿದ್ಮೇಲೆ, ಎಲ್ಲೋ ನೋಡಿಬಿಟ್ಟಿದ್ದೀನೇನೋ ಅಂತ ನಂಗೇ ಅನ್ನಿಸಿಬಿಡ್ತು. ಪರವಾಗಿಲ್ಲ ಬಿಡಿ." ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ಪಕ್ಕದ ಜೇಬಿಗೆ ತುರುಕಿ, ಕ್ಯಾಂಟೀನಿನ ಕಡೆಗೆ ನಡೆದಳು. ನಯನಾ ಅಲ್ಲಿ ಒಂದು ಕಂಬದ ಬಳಿ ಕಾಯುತ್ತಿದ್ದಳು. ಇಬ್ಬರೂ ಜೊತೆಯಾಗಿ ಮೆಟ್ಟಿಲು ಇಳಿದುಹೋದರು.

ಪ್ರೇಮಲೀಲಾ ಅಲ್ಲೇ ನಿಂತಿದ್ದಳು. ಹೊಡೆದಿದ್ದರೆ ಇದಕ್ಕಿಂತ ಕಡಿಮೆ ನೋವಾಗುತ್ತಿತ್ತೇನೋ ಅನ್ನಿಸಿತು. ಒಂದು ಹುಡುಗಿ ಸರಿಯಾದ ಉತ್ತರ ಬರೆದು, ಮೇಡಂ ಮಾತು ಕೇಳಿ, ತನ್ನ ಕಣ್ಣನ್ನೇ ನಂಬದಂತಾಗಿದ್ದಳು. ಮಾರ್ಕ್ಸನ್ನು ತಿದ್ದಬಹುದು. ಇದನ್ನು ಎಲ್ಲಿ ತಿದ್ದುವುದು?

ಆ ಸಂಜೆ ಕಮಲಳಿಗೆ ತಾನಾಗಿಯೇ ಫೋನ್ ಮಾಡಿದಳು. ಹಿಂದೆ ಮಗು ಕಿರುಚುತ್ತಿತ್ತು, ಟಿವಿಯೂ ನಡೆಯುತ್ತಿತ್ತು. ಅರ್ಧ ಹೇಳುವಷ್ಟರಲ್ಲಿ ಕಮಲ, "ಅಯ್ಯೋ, ಒಂದು ಬಾಣ ತಾನೆ? ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಂಡಿದ್ದೀಯ, ಬಿಡೆ. ನನ್ನ ಸರ್ವೀಸಲ್ಲಿ ಎಷ್ಟು ಮಾಡಿಲ್ಲ ನಾನು," ಎಂದು ನಕ್ಕಳು. ಮತ್ತೆ, "ಒಂದ್ನಿಮಿಷ ಇರು, ಇವನು ಏನೋ ಬಾಯಿಗೆ ಹಾಕ್ಕೊಂಡ," ಎಂದು ಹೋದವಳು ಬರಲಿಲ್ಲ. ಪ್ರೇಮಲೀಲಾ ಮೂರ್ನಾಲ್ಕು ನಿಮಿಷ ಫೋನ್ ಹಿಡಿದು, ಆ ಮನೆಯ ಸದ್ದನ್ನು ಕೇಳಿಸಿಕೊಂಡು ಇಟ್ಟಳು.

ಬೀದಿಯಲ್ಲಿ ಇನ್ನೂ ಬೆಳಕಿತ್ತು. ಕೆಳಗಿಳಿದು, ಏನೂ ಬೇಕಿರದಿದ್ದರೂ ಒಂದು ಮೊಳ ಮಲ್ಲಿಗೆ ಕೊಂಡಳು. "ಏನ್ ಮೇಡಮ್ಮೋರೆ, ಇವತ್ತೇನು ವಿಶೇಷ?" ಎಂದಳು ಹೂವಿನವಳು. "ಏನಿಲ್ಲ," ಎಂದು ಮನೆಗೆ ಬಂದು, ಮುಡಿಯದೆ ನೀರು ಚಿಮುಕಿಸಿ ತಟ್ಟೆಯಲ್ಲಿಟ್ಟಳು.

ಸೆಮಿಸ್ಟರ್ ಮುಗಿಯಿತು. ಇಬ್ಬರಿಗೂ ಆ ವಿಷಯದಲ್ಲಿ ಒಳ್ಳೆಯ ಮಾರ್ಕ್ಸ್ ಬಂತು. ನಯನಾ ಎದುರು ಸಿಕ್ಕಾಗ "ನಮಸ್ತೆ ಮೇಡಂ" ಎನ್ನುತ್ತಿದ್ದಳು, ಮುಖ ತಿರುಗಿಸಿದ್ದಿಲ್ಲ, ನಿಂತು ಮಾತಾಡಿದ್ದೂ ಇಲ್ಲ. ಮಹದೇವಯ್ಯ ಮತ್ತೆ ಕಾಲೇಜಿನ ಕಡೆ ಬರಲಿಲ್ಲ. ಬರುವ ಕಾರಣವೂ ಇರಲಿಲ್ಲ. ಹುಡುಗರ ಬಾಯಲ್ಲಿ 'ಮೇಡಂ ಪೇಪರಿನಲ್ಲಿ ತಪ್ಪೇ ಇರಲ್ಲ' ಎಂಬ ಮಾತು ನಿಂತುಹೋಯಿತು. ಬದಲಿಗೆ ಟೆಸ್ಟಿನ ಬ್ಲೂ ಬುಕ್ ಕೊಟ್ಟ ದಿನ ಒಬ್ಬಿಬ್ಬರು ಎದ್ದು ನಿಂತು, "ಮೇಡಂ, ಇದನ್ನ ಇನ್ನೊಂದ್ಸಲ ನೋಡ್ತೀರಾ?" ಎನ್ನಲು ಶುರುಮಾಡಿದರು. ಅವಳು ಪ್ರತಿಯೊಂದನ್ನೂ ಅವರೆದುರಿಗೇ ಮೊದಲಿಂದ ಮಾಡಿ ತೋರಿಸುತ್ತಿದ್ದಳು. ಹತ್ತರಲ್ಲಿ ಒಂಬತ್ತು ಸಲ ಅವಳೇ ಸರಿಯಿರುತ್ತಿದ್ದಳು.

ಮುಂದಿನ ವರ್ಷದ ಪ್ರಾಜೆಕ್ಟಿಗೆ ಯಾವ ಮೇಷ್ಟ್ರ ಕೈಕೆಳಗೆ ಕೆಲಸ ಮಾಡುತ್ತೇವೆಂದು ಹುಡುಗರು ತಾವೇ ಬರೆದುಕೊಡಬೇಕಿತ್ತು. ಪಟ್ಟಿ ಆಗಸ್ಟಿನಲ್ಲಿ ನೋಟಿಸ್ ಬೋರ್ಡಿಗೆ ಬಂತು. ಪ್ರೇಮಲೀಲಾ ಊಟದ ಹೊತ್ತಿನಲ್ಲಿ, ಕಾರಿಡಾರ್ ಖಾಲಿಯಾದ ಮೇಲೆ ಹೋಗಿ ನೋಡಿದಳು. ಕುಮಾರನ ಹೆಸರಿನ ಕೆಳಗೆ ಹನ್ನೊಂದು ಹೆಸರುಗಳು. ಮೂರನೆಯದು ನಯನಾ, ನಾಲ್ಕನೆಯದು ಪ್ರೀತಿ. ತನ್ನ ಹೆಸರಿನ ಕೆಳಗೆ ನಾಲ್ಕು. ನಾಲ್ವರಲ್ಲಿ ಮೂವರು ಎರಡೆರಡು ವಿಷಯ ಪಾಸಾಗದೆ ಉಳಿಸಿಕೊಂಡವರು, ಬೇರೆಲ್ಲೂ ಜಾಗ ಸಿಗದವರು.

ಪಟ್ಟಿಯನ್ನು ಎರಡು ಸಲ ಓದಿದಳು. ಬ್ಯಾಗಿನಿಂದ ಡೈರಿ ತೆಗೆದು, ಗೋಡೆಗೆ ಒತ್ತಿಹಿಡಿದು, ನಾಲ್ಕೂ ಹೆಸರುಗಳನ್ನು ತಪ್ಪಿಲ್ಲದೆ ಬರೆದುಕೊಂಡಳು. ಬೆಲ್ ಹೊಡೆಯಿತು. ಸೀಮೆಸುಣ್ಣದ ಡಬ್ಬಿ ಹಿಡಿದು ಮೂರನೇ ಮಹಡಿಗೆ ಹತ್ತಿದಳು.